ಕೆನ್ನೆ ಮೇಲಿನ ಕೂದಲು, ಕನ್ನಡಕದ ಹೊಳಪು: ಹೀಲ್ ಟೂಲ್ ಒಳಗಿನ ಲೆಕ್ಕ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಫೋಟೋ ಎಡಿಟ್ ಬಲ್ಲವರ ರೂಮಿನ ಮುಂದೆ ಕ್ಯೂ ಶುರುವಾಗುತ್ತೆ. ಫ್ಯಾನ್ ಗಾಳಿಗೆ ಹಾರಿದ ಒಂದು ಕೂದಲು ಕೆನ್ನೆ ಮೇಲೆ ಬಿದ್ದಿದೆ, ಕನ್ನಡಕದಲ್ಲಿ ಟ್ಯೂಬ್‌ಲೈಟ್ ಹೊಳೀತಿದೆ, ಒಂದು ಕಿವಿಯ ಓಲೆ ಮಾತ್ರ ಕಾಣ್ತಿದೆ. ಇವನ್ನು ತೆಗೆಯೋದು ಐದು ನಿಮಿಷದ ಕೆಲಸ. ಆದರೆ ತೆಗೆದ ಜಾಗದಲ್ಲಿ ಚರ್ಮ ಚರ್ಮದ ಹಾಗೇ ಉಳಿಯಬೇಕು, ಮೇಣದ ಬೊಂಬೆಯ ಕೆನ್ನೆ ಆಗಬಾರದು. ಇದಕ್ಕೆ ಟೂಲ್ ಒಳಗೆ ನಡೆಯುವ ಲೆಕ್ಕ ಗೊತ್ತಿದ್ದರೆ ಸಾಕು. ಉದಾಹರಣೆಗೆ GIMP ತಗೊಳ್ಳೋಣ, ಅದು ಉಚಿತ.

ಸಿಗ್ನಲ್ಸ್ ಕ್ಲಾಸ್ ನೆನಪಿಸಿಕೊಳ್ಳಿ. ಫೋಟೋದಲ್ಲಿ ಚರ್ಮ ಅನ್ನೋದು ಎರಡು ಸಂಗತಿಗಳ ಮೊತ್ತ. ಒಂದು, ನಿಧಾನವಾಗಿ ಬದಲಾಗುವ ಬಣ್ಣ ಮತ್ತು ನೆರಳು: ಕೆನ್ನೆ ಕಿವಿಯ ಕಡೆ ತಿರುಗುತ್ತಾ ಕಪ್ಪಾಗುವುದು ಇಂಥದ್ದು. ಇನ್ನೊಂದು, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಬದಲಾಗುವ ಸಣ್ಣ ಏರಿಳಿತ: ರಂಧ್ರಗಳು, ಸಣ್ಣ ಗೆರೆಗಳು, ಕ್ಯಾಮೆರಾ ನಾಯ್ಸ್. ಬ್ಲರ್ ಅನ್ನೋದು ಲೋ ಪಾಸ್ ಫಿಲ್ಟರ್. ಅದು ಎರಡನೆಯದನ್ನು ಅಳಿಸಿ ಹಾಕುತ್ತೆ, ಕೂದಲಿನ ಕಪ್ಪನ್ನು ಮಾತ್ರ ಸುತ್ತಲೂ ಹರಡಿ ಉಳಿಸುತ್ತೆ. ನಮಗೆ ಬೇಕಾದದ್ದು ಪೂರ್ತಿ ಉಲ್ಟಾ.

ಆ ಕೆಲಸ ಮಾಡೋದು `Heal` ಟೂಲ್. ಫೋಟೋಶಾಪ್‌ನಲ್ಲಿ ಇದೇ ಬಗೆಯ ಹೀಲಿಂಗ್ ಬ್ರಷ್ 2002ರಲ್ಲಿ ಬಂದ 7ನೇ ಆವೃತ್ತಿಯಿಂದ ಇದೆ. ನೀವು Ctrl ಒತ್ತಿ ಚೆನ್ನಾಗಿರುವ ಚರ್ಮದ ಮೇಲೆ ಕ್ಲಿಕ್ ಮಾಡಿ ಮಾದರಿ ಕೊಡ್ತೀರಿ, ಆಮೇಲೆ ಕೂದಲಿನ ಮೇಲೆ ಬ್ರಷ್ ಆಡಿಸ್ತೀರಿ. ಟೂಲ್ ಏರಿಳಿತವನ್ನು ಮಾದರಿಯಿಂದ ತಗೊಳ್ಳುತ್ತೆ, ಬಣ್ಣವನ್ನು ಬ್ರಷ್ ಗುರುತಿನ ಅಂಚಿನಿಂದ ತಗೊಳ್ಳುತ್ತೆ. ಅಂಚಿನಲ್ಲಿ ಮೂಲಕ್ಕೂ ಮಾದರಿಗೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ, ಒಳಗಡೆ ಅದನ್ನು ಲಾಪ್ಲಾಸ್ ಸಮೀಕರಣದ ಪ್ರಕಾರ ನಯವಾಗಿ ಹರಡಿ, ಮಾದರಿಗೆ ಕೂಡಿಸುತ್ತೆ. ಮ್ಯಾಥ್ಸ್ ಪೇಪರಿನ ಬೌಂಡರಿ ವ್ಯಾಲ್ಯೂ ಪ್ರಾಬ್ಲಂ ಇದೇ.

ಕೆನ್ನೆಯ ಐದು ಪಿಕ್ಸೆಲ್‌ಗಳ ಒಂದು ಸಾಲಿನಲ್ಲಿ ಇದನ್ನು ಮಾಡಿ ನೋಡೋಣ. ಮಧ್ಯದ ಮೂರರ ಮೇಲೆ ಕೂದಲಿದೆ. ಮಾದರಿಯನ್ನು ಸ್ವಲ್ಪ ನೆರಳಿರುವ ಕಡೆಯಿಂದ ತಗೊಂಡಿದ್ದೇವೆ ಅಂದುಕೊಳ್ಳಿ.

```
ಮೂಲ      : 180  110   80  105  172
ಮಾದರಿ    : 150  153  148  151  150
ವ್ಯತ್ಯಾಸ  :  30   28   26   24   22
ಫಲಿತಾಂಶ  : 180  181  174  175  172
```

ಅಂಚಿನ ವ್ಯತ್ಯಾಸ ಎಡಕ್ಕೆ 30, ಬಲಕ್ಕೆ 22. ಒಂದೇ ಆಯಾಮದಲ್ಲಿ ಲಾಪ್ಲಾಸ್ ಅಂದ್ರೆ ಎರಡರ ನಡುವೆ ಸರಳ ರೇಖೆ, ಅಷ್ಟೇ. ಮಾದರಿ ಕಪ್ಪಾಗಿದ್ದರೂ ಫಲಿತಾಂಶ ಸುತ್ತಲಿನ ಚರ್ಮಕ್ಕೆ ಹೊಂದಿಕೊಂಡಿತು, ಸಣ್ಣ ಏರಿಳಿತವೂ ಉಳಿಯಿತು. ಅದೇ ಐದು ಪಿಕ್ಸೆಲ್‌ಗಳ ಸರಾಸರಿ ತೆಗೆದು ಬ್ಲರ್ ಮಾಡಿದ್ದರೆ ನಡುವಿನ ಪಿಕ್ಸೆಲ್ ಸುಮಾರು 129 ಆಗಿ, ಅಲ್ಲೊಂದು ಮಸುಕು ಕಲೆ ಕೂರುತ್ತಿತ್ತು.

ಈಗ ಬಲ ಅಂಚು ಚರ್ಮದ ಬದಲು ಹುಬ್ಬಿಗೆ ತಾಗಿತು, ಅದರ ಬೆಲೆ 60 ಅಂದುಕೊಳ್ಳಿ. ಅಲ್ಲಿ ವ್ಯತ್ಯಾಸ -90 ಆಗುತ್ತೆ. ಮಧ್ಯದ ಮೂರು ಪಿಕ್ಸೆಲ್‌ಗಳು 153, 118, 91 ಆಗುತ್ತವೆ. ಹುಬ್ಬಿನ ಕಪ್ಪು ಕೆನ್ನೆಗೆ ಸೋರಿತು. ಹೀಲ್ ಮಾಡಿದ ಕಡೆ ಮಸಿ ಮೆತ್ತಿದ ಹಾಗೆ ಕಾಣೋದು ಈ ಕಾರಣಕ್ಕೇ. ಹಾಗಾಗಿ ನಿಯಮ ಒಂದೇ: ಬ್ರಷ್ ಅಂಚಿನ ಸುತ್ತ ಚರ್ಮವೇ ಇದ್ದರೆ `Heal`, ಹುಬ್ಬು, ದವಡೆಯ ಗೆರೆ, ಕನ್ನಡಕದ ಫ್ರೇಮ್ ಹತ್ತಿರ ಬಂದರೆ `Clone`. ಕ್ಲೋನ್ ಯಾವ ಲೆಕ್ಕವನ್ನೂ ಹಾಕಲ್ಲ, ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುತ್ತೆ.

ಕೆಲಸಕ್ಕೆ ಇಳಿಯೋಣ. ಮೊದಲು `Duplicate Layer` ಮಾಡಿ ಪ್ರತಿಯ ಮೇಲೆ ಕೆಲಸ ಮಾಡಿ. ಹೆಚ್ಚಾಯ್ತು ಅನ್ನಿಸಿದರೆ ಅದರ `Opacity` ಇಳಿಸಬಹುದು. ಕೂದಲಿಗೆ ಬ್ರಷ್ ಅಗಲ ಕೂದಲಿನ ಎರಡರಷ್ಟು ಸಾಕು. ಮಾದರಿಯನ್ನು ಕೂದಲಿನ ಪಕ್ಕದಲ್ಲೇ ತಗೊಳ್ಳಿ, ಯಾಕಂದ್ರೆ ಮೂಗಿನ ಮೇಲಿನ ರಂಧ್ರ ಬೇರೆ, ಕೆನ್ನೆಯದು ಬೇರೆ, ಹಣೆಯದು ಬೇರೆ. ಬಣ್ಣವನ್ನು ಟೂಲ್ ಸರಿ ಮಾಡಬಲ್ಲದು, ರಂಧ್ರದ ಗಾತ್ರವನ್ನಲ್ಲ. ಉದ್ದದ ಕೂದಲು ಕೆನ್ನೆ ದಾಟಿ ಹಿನ್ನೆಲೆಗೆ ಹೋಗಿದ್ದರೆ ಮೂರು ತುಂಡು ಮಾಡಿಕೊಳ್ಳಿ: ದವಡೆಯ ಗೆರೆಯನ್ನು ಕ್ಲೋನ್‌ನಿಂದ, ಮಾದರಿಯನ್ನೂ ಅದೇ ಗೆರೆಯ ಮೇಲಿಟ್ಟು ಮೊದಲು ಮುಗಿಸಿ, ಆಮೇಲೆ ಕೆನ್ನೆ ಮತ್ತು ಹಿನ್ನೆಲೆಯನ್ನು ಬೇರೆಬೇರೆಯಾಗಿ ಹೀಲ್ ಮಾಡಿ. ತಲೆಯ ಸುತ್ತ ಹಾರಿದ ಎಲ್ಲ ಕೂದಲನ್ನೂ ತೆಗೆಯಬೇಡಿ, ಹೆಲ್ಮೆಟ್ ಹಾಕಿದ ಹಾಗೆ ಕಾಣುತ್ತೆ. ಮುಖದ ಮೇಲೆ ಬಿದ್ದವು ಮತ್ತು ಎದ್ದು ಕಾಣುವ ಎರಡು ಮೂರು ಹೋದರೆ ಸಾಕು.

ಓಲೆ ತೆಗೆಯುವಾಗಲೂ ಇದೇ ಕ್ರಮ. ಕಿವಿಹಾಲೆಯ ಹೊರ ಅಂಚನ್ನು ಕ್ಲೋನ್‌ನಿಂದ ಕಟ್ಟಿ, ಒಳಭಾಗವನ್ನು ಹೀಲ್ ಮಾಡಿ. ಜನ ಮರೆಯೋದು ನೆರಳನ್ನು. ಜುಮುಕಿ ಹೋಗಿ ಅದರ ನೆರಳು ಕುತ್ತಿಗೆ ಮೇಲೆ ಉಳಿದಿದ್ದರೆ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತೆ, ಏನು ಅಂತ ಹೇಳಕ್ಕಾಗಲ್ಲ. ಚಿನ್ನದ ಓಲೆ ದವಡೆಯ ಕೆಳಗೆ ಹಳದಿ ಬೆಳಕು ಚೆಲ್ಲಿರುತ್ತೆ, ಅದನ್ನೂ ನೋಡಿ.

ಕನ್ನಡಕದ ಹೊಳಪು ಬೇರೆ ಜಾತಿಯದು. ಅಲ್ಲಿ ಪ್ರತಿಫಲನದ ಬೆಳಕು ಕಣ್ಣಿನ ಬೆಳಕಿಗೆ ಕೂಡಿಕೊಂಡಿದೆ. ಕಣ್ಣು ತೆಳು ಪರದೆಯ ಹಿಂದೆ ಕಾಣುತ್ತಿದ್ದರೆ ಕೂಡಿದ್ದನ್ನು ಹೆಚ್ಚು ಕಡಿಮೆ ಕಳೆಯಬಹುದು. ಚೆನ್ನಾಗಿರುವ ಕಣ್ಣಿನ ಪಾಪೆಯ ಬೆಲೆ ಕೆಂಪು 25, ಹಸಿರು 22, ನೀಲಿ 22 ಇದೆ, ಹೊಳಪಿರುವ ಕಡೆ 60, 85, 62 ಇದೆ ಅನ್ನಿ. ಲೆನ್ಸ್ ಕೋಟಿಂಗ್‌ನ ಹಸಿರು ಛಾಯೆ ಇದು. ಹೊಳಪಿನ ಭಾಗವನ್ನಷ್ಟೇ ಮೃದು ಅಂಚಿನಿಂದ ಆಯ್ದು, `Levels` ನಲ್ಲಿ ಪ್ರತಿ ಚಾನೆಲ್‌ನ ಎಡಗಡೆಯ ಕಪ್ಪು ತ್ರಿಕೋನವನ್ನು ಕೆಂಪಿಗೆ 39, ಹಸಿರಿಗೆ 69, ನೀಲಿಗೆ 44ಕ್ಕೆ ತಂದರೆ ಪಾಪೆ ಎರಡೂ ಕಡೆ ಒಂದೇ ಆಗುತ್ತೆ.

ಆದರೆ ಹೊಳಪು 255, 255, 255 ಆಗಿದ್ದರೆ ಅಲ್ಲಿ ಕಳೆಯಲು ಏನೂ ಉಳಿದಿಲ್ಲ. ಲೆನ್ಸ್ ಹಿಂದಿನ ಚರ್ಮವಾದರೆ ಇನ್ನೊಂದು ಲೆನ್ಸ್ ಹಿಂದಿನ ಚರ್ಮವನ್ನೇ ಮಾದರಿಯಾಗಿ ತಗೊಳ್ಳಿ. ಪವರ್ ಇರುವ ಗಾಜಿನ ಹಿಂದೆ ಎಲ್ಲವೂ ಚಿಕ್ಕದಾಗಿ ಅಥವಾ ದೊಡ್ಡದಾಗಿ ಕಾಣೋದರಿಂದ ಹೊರಗಿನ ಕೆನ್ನೆ ಹೊಂದಲ್ಲ. ಕಣ್ಣೇ ಹೋಗಿದ್ದರೆ ಇನ್ನೊಂದು ಕಣ್ಣನ್ನು ತಿರುಗಿಸಿ ಅಂಟಿಸಬೇಡಿ: ಕಣ್ಣೊಳಗಿನ ಬೆಳಕಿನ ಚುಕ್ಕೆ ತಪ್ಪು ಬದಿಗೆ ಹೋಗುತ್ತೆ, ದೃಷ್ಟಿ ಪಕ್ಕಕ್ಕಿದ್ದರೆ ಮೆಳ್ಳೆಗಣ್ಣಾಗುತ್ತೆ. ಇನ್ನೊಂದು ಫೋಟೋ ತೆಗೆಯೋದೇ ದಾರಿ. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಸ್ವಲ್ಪ ಎತ್ತಿದರೆ ಗಾಜು ಕೆಳಮುಖವಾಗುತ್ತೆ, ಮೇಲಿನ ಟ್ಯೂಬ್‌ಲೈಟ್‌ನ ಪ್ರತಿಫಲನ ಕ್ಯಾಮೆರಾ ಬಿಟ್ಟು ಕೆಳಗೆ ಹೋಗುತ್ತೆ.

ಕೊನೆಗೆ 100% ಜೂಮ್‌ನಲ್ಲಿ ನೋಡಿ. ತಿದ್ದಿದ ಜಾಗ ಪಕ್ಕದ ಚರ್ಮಕ್ಕಿಂತ ನುಣುಪಾಗಿದೆಯಾ? ಒಂದೇ ಮಚ್ಚೆ ಎರಡು ಕಡೆ ಬಂದಿದೆಯಾ? ಬಂದಿದ್ದರೆ ಮಾದರಿ ಬದಲಿಸಿ ಮತ್ತೆ ಮಾಡಿ. ಮೂಲ ಫೋಟೋದಲ್ಲಿದ್ದ ಮಚ್ಚೆಯನ್ನು ಮಾತ್ರ ಅವರನ್ನು ಕೇಳದೆ ಮುಟ್ಟಬೇಡಿ. ಕೂದಲು ನಾಳೆ ಅಲ್ಲಿ ಇರಲ್ಲ, ಮಚ್ಚೆ ಇರುತ್ತೆ. ಪಾಸ್‌ಪೋರ್ಟ್‌ನಂಥ ಗುರುತಿನ ದಾಖಲೆಗೆ ಹೋಗುವ ಫೋಟೋ ಆದರೆ ಯಾವ ಟೂಲನ್ನೂ ತೆರೆಯಬೇಡಿ, ಕೂದಲು ಸರಿಸಿ, ಕನ್ನಡಕ ತೆಗೆದು ಇನ್ನೊಮ್ಮೆ ಕ್ಲಿಕ್ ಮಾಡಿ.