ಹಳೇ ಫೋಟೋಗೆ ಅಜ್ಜಿಯ ಮುಖ ಕೂರಿಸಿದ್ದು

ಶಿಡ್ಲಘಟ್ಟದ ಗೆಳೆಯನ ಮನೆಯ ಮದುವೆ ಗ್ರೂಪ್ ಫೋಟೋದಲ್ಲಿ ಅಜ್ಜಿಯ ಮುಖ ತೇವಕ್ಕೆ ಗಾಜಿಗಂಟಿ ಕಿತ್ತುಹೋಗಿತ್ತು. ಅವರ ಅದೇ ವಯಸ್ಸಿನ, ಮಾಸದೇ ಉಳಿದ ಇನ್ನೊಂದೇ ಒಂದು ಫೋಟೋ ಸಿಕ್ಕಿತು. ಎರಡನ್ನೂ ಸ್ಕ್ಯಾನ್ ಮಾಡಿ, ಗ್ರೇಸ್ಕೇಲ್‌ಗೆ ತಂದು, ಜಿಂಪ್‌ನಲ್ಲಿ ಮುಖ ಕೂರಿಸಿದೆವು. ಎರಡರಲ್ಲೂ ಬೆಳಕು ಎಡದಿಂದಲೇ ಬಿದ್ದಿದ್ದು ನಮ್ಮ ಪುಣ್ಯ; ಇಲ್ಲದಿದ್ರೆ ಯಾವ ಸ್ಲೈಡರೂ ಕೈಹಿಡಿಯಲ್ಲ.

ಅಂಟಿಸಿದ ಮುಖ ಎದ್ದು ಕಾಣೋದು ಅದರ ಕಪ್ಪಿನಿಂದ. ಮಾಸಿದ ಚಿತ್ರದಲ್ಲಿ ನಿಜವಾದ ಕಪ್ಪೇ ಇರಲ್ಲ. 0 ಕಡುಗಪ್ಪು, 255 ಅಚ್ಚಬಿಳಿ ಅಂದ್ರೆ, ಪಕ್ಕದವರ ಕೂದಲು 70, ಬಿಳಿ ಪಂಚೆ 205 ಇತ್ತು. ಹೊಸ ಮುಖದ `Levels`ನಲ್ಲಿ `Output Levels` ಅನ್ನು 70 ಮತ್ತು 205ಕ್ಕೆ ಇಟ್ಟ ಕೂಡಲೇ ಅಜ್ಜಿ ಗುಂಪಿನೊಳಗೆ ಬಂದು ಕೂತರು.

ಆಮೇಲೆ ಮುಖವನ್ನು ಪಕ್ಕದವರ ರೆಪ್ಪೆಗಳಷ್ಟೇ ಮಸುಕು ಮಾಡಿ, ನಂತರ ಗ್ರೇನ್ ಸೇರಿಸಬೇಕು. ಕ್ರಮ ತಿರುಗಿಸಿದ್ರೆ ಬ್ಲರ್ ಗ್ರೇನನ್ನೂ ಅಳಿಸಿಬಿಡುತ್ತೆ.

ಗೀರು ಕೊನೆಗೆ. ಸೀರೆಯ ಮೇಲಿಂದ ಬಂದ ಬಿಳಿ ಗೀರು ಗದ್ದದ ಹತ್ತಿರ ತಟ್ಟನೆ ನಿಂತ್ರೆ ಗುಟ್ಟು ರಟ್ಟು. ಹಿನ್ನೆಲೆಯ ಗಾಢ ಭಾಗದ ಗೀರನ್ನು ಕಾಪಿ ಮಾಡಿ ಮೇಲಿನ ಲೇಯರಿನಲ್ಲಿಟ್ಟು, `Lighten only` ಹಾಕಿದೆವು. ಬಿಳಿ ಗೆರೆ ಮಾತ್ರ ಉಳಿಯಿತು. ಕಣ್ಣುಪಾಪೆ ಹಿನ್ನೆಲೆಗಿಂತ ಕಪ್ಪಾದ್ದರಿಂದ ಬೂದಿಯಾಯ್ತು, ಅಷ್ಟು ಕಡೆ ಲೇಯರನ್ನು ಅಳಿಸಿದೆವು.

ಮೂಲ ಸ್ಕ್ಯಾನ್ ಬೇರೆ ಫೈಲಾಗಿ ಉಳಿಸಿ, ಪ್ರಿಂಟಿನ ಹಿಂದೆ ‘ಮುಖ ಇನ್ನೊಂದು ಫೋಟೋದ್ದು’ ಅಂತ ಬರೆದುಕೊಟ್ಟೆವು.