ಓರೆ ಬದಿಯೋ, ಲಂಬ ಎತ್ತರವೋ? ಮಕ್ಕಳ ವಿಸ್ತೀರ್ಣದ ಹಾಳೆ ತಿದ್ದುವ ಬಗೆ

ಡಿಚೋಲಿಯಲ್ಲಿರುವ ನಮ್ಮ ಸದಸ್ಯರ ಮಕ್ಕಳಿಗೆ ತ್ರಿಭುಜ, ತ್ರಾಪಿಜ್ಯ ಮತ್ತು ಸಂಯುಕ್ತ ಆಕೃತಿಗಳ ವಿಸ್ತೀರ್ಣದ ಅಭ್ಯಾಸ ಹಾಳೆಯೊಂದನ್ನು ಕೊಟ್ಟಿದ್ದೆವು. ಹಾಳೆ ತಿದ್ದುವ ಕೆಲಸ ಮನೆಯವರದು. ಸೂತ್ರ ಸರಿ, ಗುಣಾಕಾರ ಸರಿ, ಆದರೂ ಉತ್ತರ ತಪ್ಪು ಎಂಬ ಸ್ಥಿತಿ ಈ ಪಾಠದಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾರಣ ಬಹುಮಟ್ಟಿಗೆ ಒಂದೇ: ಎತ್ತರ ಇರಬೇಕಾದ ಜಾಗದಲ್ಲಿ ಓರೆ ಬದಿಯ ಅಳತೆ ಬಂದು ಕೂತಿರುತ್ತದೆ. ಅದನ್ನು ಹಿಡಿಯುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಹಾಳೆಯ ಒಂದು ಲೆಕ್ಕ ನೋಡೋಣ. ತ್ರಾಪಿಜ್ಯದ ಸಮಾಂತರ ಬದಿಗಳು 22 ಮತ್ತು 10 ಸೆಂ.ಮೀ., ಎಡಬಲದ ಓರೆ ಬದಿಗಳು ತಲಾ 10 ಸೆಂ.ಮೀ. ಮಗು ಹೀಗೆ ಬರೆಯುತ್ತದೆ: 22 + 10 = 32, ಅದರ ಅರ್ಧ 16, 16 × 10 = 160 ಚ.ಸೆಂ.ಮೀ. ನೋಡಲು ಅಚ್ಚುಕಟ್ಟಾಗಿದೆ. ಆದರೆ ಆ 10 ಎತ್ತರವಲ್ಲ. ಕೆಳಗಿನ ಬದಿ ಮೇಲಿನದಕ್ಕಿಂತ 12 ಹೆಚ್ಚು. ಆಕೃತಿ ಎರಡೂ ಕಡೆ ಒಂದೇ ತೆರನಾಗಿರುವುದರಿಂದ ತಲಾ 6 ಹೊರಚಾಚಿದೆ. ಓರೆ ಬದಿ 10, ಅಡಿಯಲ್ಲಿ 6 ಇರುವ ಲಂಬಕೋನ ತ್ರಿಭುಜದಲ್ಲಿ ಉಳಿದ ಬಾಹು 8, ಏಕೆಂದರೆ 100 − 36 = 64. ಲಂಬ ಎತ್ತರ 8. ವಿಸ್ತೀರ್ಣ 16 × 8 = 128.

ತಿದ್ದುವವರು ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕಿಲ್ಲ. ಮಗುವಿನ ಉತ್ತರವನ್ನು ಸಮಾಂತರ ಬದಿಗಳ ಮೊತ್ತದ ಅರ್ಧದಿಂದ ಭಾಗಿಸಿ. ಬರುವ ಸಂಖ್ಯೆಯೇ ಮಗು ಎತ್ತರವೆಂದು ಹಿಡಿದದ್ದು. 160 ÷ 16 = 10. ಈಗ ಚಿತ್ರದಲ್ಲಿ 10 ಎಲ್ಲಿ ಬರೆದಿದೆ ನೋಡಿ. ಓರೆ ಗೆರೆಯ ಪಕ್ಕದಲ್ಲಿದ್ದರೆ ಕಳ್ಳ ಸಿಕ್ಕ. ತ್ರಿಭುಜವಾದರೆ ಪಾದದ ಅರ್ಧದಿಂದ ಭಾಗಿಸಿದರಾಯಿತು. ಇನ್ನೊಂದು ಗುರುತು: ಓರೆ ಬದಿ ಲಂಬಕ್ಕಿಂತ ಯಾವಾಗಲೂ ಉದ್ದ, ಆದ್ದರಿಂದ ಈ ತಪ್ಪು ಉತ್ತರವನ್ನು ಹಿಗ್ಗಿಸುತ್ತದೆಯೇ ಹೊರತು ಎಂದೂ ಕುಗ್ಗಿಸುವುದಿಲ್ಲ. ಉತ್ತರ ಕಡಿಮೆ ಬಂದಿದ್ದರೆ ತಪ್ಪು ಬೇರೆಲ್ಲೋ ಇದೆ.

"ಯಾಕೆ ತಪ್ಪು? ಅದೂ ಬದಿಯೇ ತಾನೆ?" ಎಂದು ಮಗು ಕೇಳಿದರೆ ಕಸಬರಿಗೆಯ ನಾಲ್ಕು ಕಡ್ಡಿ ಸಾಕು. ತುದಿಗಳನ್ನು ದಾರದಿಂದ ಸಡಿಲವಾಗಿ ಕಟ್ಟಿ ಚೌಕ ಮಾಡಿ, ಒಂದು ಮೂಲೆ ಹಿಡಿದು ಪಕ್ಕಕ್ಕೆ ಒತ್ತಿ. ಕಡ್ಡಿಗಳ ಉದ್ದ ಒಂದಿಷ್ಟೂ ಬದಲಾಗುವುದಿಲ್ಲ, ಒಳಗಿನ ಜಾಗ ಮಾತ್ರ ಕಿರಿದಾಗುತ್ತಾ ಬಂದು ಕೊನೆಗೆ ಕಡ್ಡಿಗಳು ಒಂದರ ಮೇಲೊಂದು ಮಲಗುತ್ತವೆ. ಬದಿಗಳ ಉದ್ದವಷ್ಟೇ ವಿಸ್ತೀರ್ಣವನ್ನು ಹೇಳುವಂತಿದ್ದರೆ ಹೀಗಾಗಬಾರದಿತ್ತು. ಒತ್ತಿದಾಗ ಕಡಿಮೆಯಾದದ್ದು ಎದುರುಬದುರು ಕಡ್ಡಿಗಳ ನಡುವಿನ ನೇರ ಅಂತರ. ಅದೇ ಲಂಬ.

ಮಗು ಬರೆದ ಆ 160 ನಮ್ಮ ನಾಡಿನ ಹಳೆಯ ಗಣಿತದಲ್ಲೂ ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರ ಕ್ಷೇತ್ರಗಣಿತದ ಭಾಗದಲ್ಲಿ ಫಲ ಎರಡು ಬಗೆ: ವ್ಯಾವಹಾರಿಕ ಮತ್ತು ಸೂಕ್ಷ್ಮ. ವ್ಯಾವಹಾರಿಕಕ್ಕೆ ಎದುರುಬದುರು ಬದಿಗಳನ್ನು ಕೂಡಿ ಅರ್ಧಿಸಿ, ಎರಡು ಅರ್ಧಗಳನ್ನು ಗುಣಿಸಬೇಕು. ನಮ್ಮ ತ್ರಾಪಿಜ್ಯಕ್ಕೆ ಹಚ್ಚಿದರೆ ಒಂದು ಜೋಡಿಯ ಅರ್ಧ 16, ಇನ್ನೊಂದರ ಅರ್ಧ 10, ಗುಣಲಬ್ಧ 160. ಸೂಕ್ಷ್ಮಕ್ಕೆ ಲಂಬ ಬೇಕು, ಆಗ 128. ಒರಟು ಅಂದಾಜು ಯಾವುದು, ನಿಖರ ಯಾವುದು ಎಂದು ಹೆಸರಲ್ಲೇ ಬೇರ್ಪಡಿಸಿ ಇಟ್ಟಿದ್ದರು. ಹೆಚ್ಚುಕಡಿಮೆ ಆಯತದಂತಿರುವ ಗದ್ದೆಗೆ ಒರಟು ವಿಧಾನದಿಂದ ನಷ್ಟ ಅತ್ಯಲ್ಪ. ಆಕೃತಿ ವಾಲಿದಷ್ಟೂ ಅದು ಕೈಕೊಡುತ್ತದೆ. ಇಲ್ಲಿ ಕಾಲುಭಾಗ ಹೆಚ್ಚು ತೋರಿಸಿತು.

ಗಡಿಯೂರುಗಳ ಮನೆಗಳಿಗೆ ಒಂದು ಮಾತು. ಮರಾಠಿಯಲ್ಲಿ ತ್ರಾಪಿಜ್ಯಕ್ಕೆ 'ಸಮಲಂಬ ಚೌಕೋನ' ಎನ್ನುತ್ತಾರೆ, ಕಾಸರಗೋಡಿನ ಮಕ್ಕಳು ಮಲಯಾಳಂನಲ್ಲಿ 'ಲಂಬಕಂ' ಎಂದು ಕೇಳಿರುತ್ತಾರೆ. ಎರಡರಲ್ಲೂ ಲಂಬ ಹೆಸರಿನೊಳಗೇ ಇದೆ. ನಮ್ಮ 'ತ್ರಾಪಿಜ್ಯ' ಆ ಸುಳಿವು ಕೊಡುವುದಿಲ್ಲ, ಇಂಗ್ಲಿಷಿನ ಟ್ರಪೀಜಿಯಂ ಕೂಡ ಕೊಡುವುದಿಲ್ಲ. ಮನೆಯಲ್ಲಿ ವಿವರಿಸುವಾಗ ಪಕ್ಕದ ಭಾಷೆಯ ಹೆಸರನ್ನು ಧಾರಾಳವಾಗಿ ಬಳಸಿಕೊಳ್ಳಿ.

ತ್ರಿಭುಜದಲ್ಲಿ ಹೆಚ್ಚು ಎಡವಿಸುವುದು 9, 10, 17 ಬಾಹುಗಳ ತ್ರಿಭುಜ. 9ನ್ನು ಪಾದವಾಗಿಟ್ಟರೆ ಶೃಂಗ ಪಾದದ ಮೇಲಿರದೆ ಹೊರಕ್ಕೆ ವಾಲಿರುತ್ತದೆ. ಒಳಗೆ ಲಂಬ ಎಳೆಯಲು ಜಾಗವೇ ಇಲ್ಲದ್ದರಿಂದ ಮಕ್ಕಳು ಹತ್ತಿರದ 10ನ್ನು ಎತ್ತರ ಮಾಡಿ 45 ಬರೆಯುತ್ತಾರೆ. ಪಾದದ ಗೆರೆಯನ್ನು 10ರ ಬಾಹುವಿನ ಕಡೆಗೆ 6ರಷ್ಟು ಮುಂದುವರಿಸಿ, ಅಲ್ಲಿಂದ ಲಂಬ ಎಬ್ಬಿಸಿದರೆ 8. ವಿಸ್ತೀರ್ಣ 9 × 8 ÷ 2 = 36. ಬದಿಗಳಿಂದಲೇ ಪರೀಕ್ಷಿಸಬೇಕೆಂದರೆ ಹೆರಾನನ ಸೂತ್ರವಿದೆ: ಸುತ್ತಳತೆಯ ಅರ್ಧ 18; 18 × 9 × 8 × 1 = 1296, ಅದರ ವರ್ಗಮೂಲ 36. ಒಂದು ಎಚ್ಚರಿಕೆ: "ಬದಿಯನ್ನು ಎತ್ತರ ಮಾಡಬೇಡ" ಎಂದು ಗದರಿಸಿ ಬಿಟ್ಟರೆ, 6, 8, 10ರ ಲಂಬಕೋನ ತ್ರಿಭುಜದಲ್ಲೂ ಮಗು ಬೇರೆ ಗೆರೆ ಹುಡುಕುತ್ತದೆ. ಅಲ್ಲಿ ಬದಿಯೇ ಲಂಬ. ನೋಡಬೇಕಾದ್ದು ಮೂಲೆಯ ಚೌಕದ ಗುರುತನ್ನು.

ಇನ್ನು ಸಂಯುಕ್ತ ಆಕೃತಿ. ಇಲ್ಲಿನ ಹೆಂಚಿನ ಮನೆಯ ತ್ರಿಕೋನ ತಲೆಯ ಗೋಡೆಯನ್ನೇ ತೆಗೆದುಕೊಳ್ಳಿ: ಅಗಲ 8 ಮೀ., ಸೂರಿನವರೆಗೆ 4 ಮೀ., ಅಲ್ಲಿಂದ ನೆತ್ತಿಯವರೆಗೆ ಎರಡೂ ಕಡೆ ಇಳಿಜಾರು ತಲಾ 5 ಮೀ. ಕೆಳಗಿನ ಆಯತ 32 ಚ.ಮೀ. ಮೇಲಿನ ತ್ರಿಭುಜದ ಎತ್ತರ 5 ಅಲ್ಲ; ಅರ್ಧ ಅಗಲ 4, ಇಳಿಜಾರು 5, ಆದ್ದರಿಂದ ಎತ್ತರ 3, ವಿಸ್ತೀರ್ಣ 12. ಒಟ್ಟು 44. ಓರೆ ಬದಿ ಹಿಡಿದರೆ 52. ನೆಲದಿಂದ ನೆತ್ತಿಗೆ 7 ಎಂದು ಚಿತ್ರದಲ್ಲಿ ಕೊಟ್ಟಿದ್ದರೆ ಆ 7ನ್ನೇ ತ್ರಿಭುಜಕ್ಕೆ ಹಾಕಿ 60 ಬರೆಯುವವರೂ ಉಂಟು.

ಇದನ್ನು ಇನ್ನೊಂದು ದಾರಿಯಲ್ಲಿ ತಾಳೆ ನೋಡಬಹುದು. ನೆತ್ತಿಯಿಂದ ನೆಲಕ್ಕೆ ಗೆರೆ ಎಳೆದು ಗೋಡೆಯನ್ನು ಎರಡು ಮಾಡಿ. ಪ್ರತಿ ಅರ್ಧವೂ ಒಂದು ತ್ರಾಪಿಜ್ಯ. ಸಮಾಂತರ ಬದಿಗಳು ನಿಂತಿರುವ 4 ಮತ್ತು 7, ಅವುಗಳ ನಡುವಿನ ಅಂತರ ನೆಲದ ಮೇಲಿನ 4. ಹನ್ನೊಂದರ ಅರ್ಧ ಐದೂವರೆ, ಅದನ್ನು 4ರಿಂದ ಗುಣಿಸಿದರೆ 22, ಎರಡಕ್ಕೆ 44. ಇಲ್ಲಿ 'ಎತ್ತರ' ಎಂಬುದು ನೆಲದ ಮೇಲೆ ಮಲಗಿದೆ. ಅದಕ್ಕೇ ನಾವು ಮಕ್ಕಳೊಡನೆ ಬರೀ 'ಎತ್ತರ' ಎನ್ನುವುದಕ್ಕಿಂತ 'ಲಂಬ ದೂರ' ಎನ್ನುವುದನ್ನು ಹೆಚ್ಚು ಇಷ್ಟಪಡುತ್ತೇವೆ.

ಅದೇ ಮನೆಯ ಮಾಡಿಗೆ ಹೆಂಚು ಲೆಕ್ಕ ಹಾಕುವಾಗ ಮಾತ್ರ ಓರೆ ಅಳತೆಯೇ ಸರಿ. ಮನೆಯ ಉದ್ದ 10 ಮೀ. ಇದ್ದರೆ ಒಂದು ಇಳಿಜಾರು 10 × 5 = 50, ಎರಡೂ ಸೇರಿ 100 ಚ.ಮೀ. ಮಾಡಿನ ಆಯತದೊಳಗೆ ಆ 5 ಮೀಟರು ಸೂರಿನ ಗೆರೆಗೆ ಲಂಬವಾಗಿಯೇ ಇದೆ. ಗೋಡೆಯ ಪಾಠವನ್ನು ಇಲ್ಲಿಗೂ ತಂದು 3 ಹಾಕಿದವರ ಲೆಕ್ಕ 60ಕ್ಕೆ ನಿಲ್ಲುತ್ತದೆ, ಮಳೆಗಾಲಕ್ಕೆ ಮುನ್ನ 40 ಚ.ಮೀ. ಮಾಡು ಬರಿದಾಗಿ ಉಳಿಯುತ್ತದೆ. ಹಾಳೆಯ ಕೊನೆಯ ಲೆಕ್ಕ ಇದೇ: ಗೋಡೆಗೆ ಬಣ್ಣ ಎಷ್ಟು ಚದರ ಮೀಟರಿಗೆ, ಮಾಡಿಗೆ ಹೆಂಚು ಎಷ್ಟು ಚದರ ಮೀಟರಿಗೆ ಎಂದು ಒಂದೇ ಚಿತ್ರದ ಕೆಳಗೆ ಎರಡು ಪ್ರಶ್ನೆ. ಎರಡಕ್ಕೂ ಒಂದೇ ಎತ್ತರ ಹಾಕಿದ್ದರೆ ಮಗುವನ್ನು ಹೊರಗೆ ಕರೆದೊಯ್ದು ಯಾವುದಾದರೂ ಹೆಂಚಿನ ಮನೆಯ ಮುಂದೆ ನಿಲ್ಲಿಸಿ ತೋರಿಸಿ.