ಇಪ್ಪತ್ತೊಂದಕ್ಕೆ ಒಂಬತ್ತು ಸೇರಿದರೆ

"ಅಣ್ಣ, ಒಂದ್ ಲೆಟರ್ ಬರ್ದ್ ಕೊಡಿ. ತಂಗಿ ಮದಿ ಇತ್ತ್, ಒಂದ್ ತಿಂಗ್ಳ್ ರಜೆ ಬೇಕ್."

ಸೌದಿ ಅರೇಬಿಯಾದ ಜುಬೈಲಿನ ಕ್ಯಾಂಪಿನಲ್ಲಿ ನಾನು ಟೈಮ್‌ಕೀಪರ್ ಆಗಿದ್ದಾಗ ವಾರಕ್ಕೊಬ್ಬರಾದರೂ ಹೀಗೆ ಬಂದು ನಿಲ್ಲುತ್ತಿದ್ದರು. ಇವನು ಕುಂದಾಪುರದ ಕಡೆಯ ಹುಡುಗ, ಎಸಿ ಟೆಕ್ನೀಷಿಯನ್. ಬಂದು ಮೂರು ವರ್ಷ ತುಂಬಿತ್ತು. ಅದಾಗಲೇ ಫೋರ್‌ಮನ್‌ಗೆ ವಾಟ್ಸ್ಆ್ಯಪಿನಲ್ಲಿ "ಒಂದು ತಿಂಗಳು ರಜೆ ಬೇಕು ಸರ್" ಎಂದು ಕಳಿಸಿದ್ದ. ಫೋರ್‌ಮನ್ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ್ದ. ಅದನ್ನೇ ಒಪ್ಪಿಗೆ ಎಂದುಕೊಂಡು ಹುಡುಗ ಟಿಕೆಟ್ ದರ ನೋಡಲು ಶುರುಮಾಡಿದ್ದ. ನಾನು ಕೇಳಿದ ಮೊದಲ ಪ್ರಶ್ನೆ: "ನಿನಗೆ ಎಷ್ಟು ದಿನ ರಜೆ ಉಂಟು?"

"ತಿಂಗಳು ಅಲ್ವಾ?" ಅಂದ.

ಅಲ್ಲ. ಊರಿನಲ್ಲಿ ಎಲ್ಲರೂ 'ಗಲ್ಫಿನವರಿಗೆ ವರ್ಷಕ್ಕೆ ಒಂದು ತಿಂಗಳು' ಎಂದೇ ನಂಬಿದ್ದಾರೆ. ದುಬೈ, ಅಬುಧಾಬಿಗಳ ಮಟ್ಟಿಗೆ ಅದು ಸರಿ. ಅಲ್ಲಿ ಒಂದು ವರ್ಷ ಮುಗಿಸಿದವನಿಗೆ ಕಾನೂನೇ 30 ದಿನ ಕೊಡುತ್ತದೆ. ಸೌದಿಯ ಕಾರ್ಮಿಕ ಕಾನೂನಿನ 109ನೇ ವಿಧಿ ಕೊಡುವುದು ಕನಿಷ್ಠ 21 ದಿನ. ಒಬ್ಬನೇ ಮಾಲೀಕನ ಬಳಿ ಸತತ ಐದು ವರ್ಷ ಕಳೆದ ಮೇಲೆ ಅದು 30 ಆಗುತ್ತದೆ. ಒಪ್ಪಂದದಲ್ಲಿ ಹೆಚ್ಚು ಬರೆದಿದ್ದರೆ ಆ ಮಾತು ಬೇರೆ. ನಮ್ಮ ಹುಡುಗನ ಒಪ್ಪಂದದಲ್ಲಿ ಇದ್ದದ್ದು 21. ನಮ್ಮ ಕಂಪನಿಯಲ್ಲಿ, ಹೆಚ್ಚಿನ ಕಡೆಗಳಲ್ಲಿ ಇರುವಂತೆ, ಶುಕ್ರವಾರಗಳೂ ಆ ಲೆಕ್ಕದೊಳಗೇ ಸೇರುತ್ತಿದ್ದವು. ಹಾಗಾಗಿ ತಿಂಗಳು ತುಂಬಲು ಒಂಬತ್ತು ದಿನ ಕಡಿಮೆ. ಆ ಒಂಬತ್ತು ದಿನ ಸಂಬಳವಿಲ್ಲದ ರಜೆಯಾಗಿ ಬರಬೇಕು.

ಮನೆ ಡ್ರೈವರ್, ಮನೆಗೆಲಸದವರಿಗೆ ಈ ಕಾನೂನು ಅನ್ವಯಿಸುವುದಿಲ್ಲ, ಅವರದ್ದು ಬೇರೆಯೇ ನಿಯಮಾವಳಿ. ನಾನು ಹೇಳುತ್ತಿರುವುದು ಕಂಪನಿ ಕೆಲಸಗಾರರ ಕಥೆ.

ಈ ಇಪ್ಪತ್ತೊಂದು ಮತ್ತು ಒಂಬತ್ತು ನೋಡಲು ಒಂದೇ ರಜೆಯ ಎರಡು ತುಂಡುಗಳಂತೆ ಕಂಡರೂ ಜಾತಿ ಬೇರೆ. ಮೊದಲನೆಯದು ಹಕ್ಕು. ಯಾವಾಗ ಹೋಗಬೇಕು ಎಂಬುದನ್ನು ಕೆಲಸ ನೋಡಿಕೊಂಡು ಕಂಪನಿ ನಿಗದಿ ಮಾಡಬಹುದು, ಕೆಲಸದ ಒತ್ತಡ ಇದ್ದರೆ 90 ದಿನದವರೆಗೆ ಮುಂದೂಡಬಹುದು. ಇಲ್ಲವೇ ಇಲ್ಲ ಎನ್ನುವಂತಿಲ್ಲ. ಎರಡನೆಯದು ಪೂರ್ತಿ ಮಾಲೀಕನ ಮರ್ಜಿ. 116ನೇ ವಿಧಿ ಹೇಳುವುದು ಇಷ್ಟೇ: ಮಾಲೀಕ ಒಪ್ಪಿದರೆ, ಇಬ್ಬರೂ ಮಾತಾಡಿಕೊಂಡಷ್ಟು ದಿನ ಸಂಬಳವಿಲ್ಲದೆ ರಜೆ ಪಡೆಯಬಹುದು. ಒಪ್ಪದಿದ್ದರೆ ಕಾರಣ ಕೇಳುವ ದಾರಿಯೂ ಇಲ್ಲ.

ಅದೇ ವಿಧಿಯಲ್ಲಿ ಇನ್ನೊಂದು ಮಾತಿದೆ, ಹೆಚ್ಚಿನವರು ಓದುವುದಿಲ್ಲ. ಸಂಬಳವಿಲ್ಲದ ರಜೆ 20 ದಿನ ದಾಟಿದರೆ, ದಾಟಿದ ಅಷ್ಟು ದಿನ ಒಪ್ಪಂದ ಅಮಾನತಿನಲ್ಲಿದ್ದಂತೆ. ಬೇರೆ ರೀತಿ ಮಾತಾಡಿಕೊಂಡಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಅಮಾನತು ಅಂದರೆ ಆ ದಿನಗಳು ಸರ್ವಿಸಿಗೆ ಸೇರುವುದಿಲ್ಲ. ಕೆಲಸ ಬಿಡುವಾಗ ಬರುವ ಸರ್ವಿಸ್ ಹಣ ಆ ಲೆಕ್ಕದ ಮೇಲೇ ನಿಂತಿರುತ್ತದೆ. ಒಂಬತ್ತು ದಿನಕ್ಕೆ ಈ ಚಿಂತೆ ಇಲ್ಲ. ಮನೆ ಕಟ್ಟಿಸಲೆಂದು ಎರಡು ತಿಂಗಳು ಊರಲ್ಲಿ ಕೂರುವವರು ಯೋಚಿಸಬೇಕಾದ ವಿಷಯ ಅದು.

ಹಾಗಾಗಿ ಪತ್ರದಲ್ಲಿ "ಒಂದು ತಿಂಗಳು ರಜೆ" ಎಂದು ಬರೆಯುವುದೇ ಮೊದಲ ತಪ್ಪು. ಅದನ್ನು ಓದಿದ ಆಫೀಸಿನವನಿಗೆ 'ಇವನು ಇರುವುದಕ್ಕಿಂತ ಹೆಚ್ಚು ಕೇಳುತ್ತಿದ್ದಾನೆ' ಎಂದಷ್ಟೇ ಕಾಣುತ್ತದೆ. ನಾವು ಬರೆದ ಇಂಗ್ಲಿಷ್ ಪತ್ರವನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

"ನನ್ನ ತಂಗಿಯ ಮದುವೆಗಾಗಿ ಏಪ್ರಿಲ್ 20ರಿಂದ ಮೇ 19ರವರೆಗೆ 30 ದಿನ ಊರಿಗೆ ಹೋಗಲು ಅನುಮತಿ ಕೋರುತ್ತೇನೆ. ಇದರಲ್ಲಿ ಏಪ್ರಿಲ್ 20ರಿಂದ ಮೇ 10ರವರೆಗಿನ 21 ದಿನ ನನ್ನ ವಾರ್ಷಿಕ ರಜೆ. ಮೇ 11ರಿಂದ 19ರವರೆಗಿನ 9 ದಿನ ಸಂಬಳವಿಲ್ಲದ ರಜೆ. ಮೇ 20ರಂದು ಬೆಳಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ. ನಾನಿಲ್ಲದಾಗ ನನ್ನ ಬ್ಲಾಕಿನ ಕೆಲಸ ನೋಡಿಕೊಳ್ಳಲು ರಾತ್ರಿ ಪಾಳಿಯ ಸಹೋದ್ಯೋಗಿ ಒಪ್ಪಿದ್ದಾರೆ, ಅವರ ಸಹಿ ಕೆಳಗಿದೆ."

ಮದುವೆಯ ಆಮಂತ್ರಣ ಇನ್ನೂ ಅಚ್ಚಾಗಿರಲಿಲ್ಲ, ಅದಕ್ಕಾಗಿ ಕಾಯಲಿಲ್ಲ. ಹೊರಡಲು ಎರಡೂವರೆ ತಿಂಗಳು ಇರುವಾಗಲೇ ಕೊಟ್ಟೆವು. ಒಂಬತ್ತು ದಿನಗಳನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಸಾಹೇಬರು ಅವನ್ನು ಹೊಡೆದು ಹಾಕಿದರೂ ಮೊದಲ 21 ದಿನ ಅಲುಗುವುದಿಲ್ಲ. ಮೇ ಮೊದಲ ವಾರದ ಮದುವೆ ಹೇಗೂ ಅದರೊಳಗೇ ಮುಗಿಯುತ್ತದೆ. ಇನ್ನು ಆ ಸಹೋದ್ಯೋಗಿಯ ಸಹಿ. ಮೇಲಿನವರಿಗೆ ನಮ್ಮ ತಂಗಿಯ ಮದುವೆಗಿಂತ ಆ ಬ್ಲಾಕಿನ ಎಸಿ ಕೆಟ್ಟರೆ ಯಾರು ಎಂಬುದೇ ದೊಡ್ಡ ಪ್ರಶ್ನೆ. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ತಪ್ಪೂ ಅಲ್ಲ.

ರಜೆಯ ನಡುವೆ ಈದ್ ಬಂದರೆ ಒಂದು ಅನುಕೂಲ ಉಂಟು. ಈದ್‌ನ ನಾಲ್ಕು ದಿನ ಸಂಬಳ ಸಹಿತ ಸಾರ್ವಜನಿಕ ರಜೆ, ವಾರ್ಷಿಕ ರಜೆಯೊಳಗೆ ಬಿದ್ದರೆ ಅಷ್ಟು ದಿನ ರಜೆ ಮುಂದಕ್ಕೆ ಬೆಳೆಯುತ್ತದೆ. ಆಗ ಕಳೆದುಕೊಳ್ಳುವ ಸಂಬಳ ಒಂಬತ್ತರ ಬದಲು ಐದೇ ದಿನದ್ದು. ಆದರೆ ಈದ್ ಹೊತ್ತಿನ ವಿಮಾನದ ದರ ಆ ಲಾಭವನ್ನು ಬಾಯಿಗೆ ಬೀಳುವ ಮುಂಚೆಯೇ ಕಿತ್ತುಕೊಳ್ಳುತ್ತದೆ.

ಈಗ ದುಡ್ಡಿನ ಲೆಕ್ಕ. ಎಲ್ಲ ಸೇರಿ ಅವನ ಸಂಬಳ ತಿಂಗಳಿಗೆ 2,400 ರಿಯಾಲ್, ದಿನಕ್ಕೆ 80. ಒಂಬತ್ತು ದಿನಕ್ಕೆ 720 ರಿಯಾಲ್ ಕಟ್, ನಮ್ಮ ದುಡ್ಡಿನಲ್ಲಿ ಹದಿನಾರು ಸಾವಿರ ದಾಟುತ್ತದೆ. ಅದು ಅವನಿಗೆ ಗೊತ್ತಿತ್ತು, ಒಪ್ಪಿದ್ದ. ಗೊತ್ತಿಲ್ಲದ್ದು ಬೇರೆ. ಕಾನೂನಿನ ಪ್ರಕಾರ ರಜೆಯ ಸಂಬಳವನ್ನು ಮೊದಲೇ ಕೊಡಬೇಕು. ಹಾಗಾಗಿ ಹೊರಡುವ ಮುಂಚೆಯೇ 21 ದಿನದ 1,680 ಕೈಗೆ ಬರುತ್ತದೆ. ಏಪ್ರಿಲ್ ಕೊನೆಗೆ ಕೆಲಸ ಮಾಡಿದ 19 ದಿನದ 1,520 ಖಾತೆಗೆ ಬೀಳುತ್ತದೆ. ಮದುವೆ ಮನೆಯಲ್ಲಿ ನಿಂತವನಿಗೆ ಆಗ ತಾನು ಸಾಹುಕಾರ ಅನಿಸುವುದು ಸಹಜ. ಮೇ ಸಂಬಳ ಬರುವಾಗ ಹತ್ತು ದಿನ ಮೊದಲೇ ಕೊಟ್ಟಾಗಿದೆ, ಒಂಬತ್ತು ದಿನ ಸಂಬಳವಿಲ್ಲ. ಉಳಿದ 11 ದಿನಕ್ಕೆ 880 ರಿಯಾಲ್. ಊರಿನ ಸೊಸೈಟಿಗೆ ಸಾಲದ ಕಂತು, ಇಲ್ಲಿ ಮೆಸ್ಸಿನ ದುಡ್ಡು ಎರಡೂ ಆ 880ರಲ್ಲೇ ಆಗಬೇಕು. ರಜೆಯಿಂದ ಬಂದವರು ಮೊದಲ ತಿಂಗಳು ಕ್ಯಾಂಪಿನಲ್ಲಿ ಸಾಲ ಕೇಳಿಕೊಂಡು ತಿರುಗುವುದು ಇದೇ ಕಾರಣಕ್ಕೆ. ಮೇ ತಿಂಗಳ ಕಂತನ್ನು ಹೊರಡುವ ಮುಂಚೆಯೇ ತೆಗೆದಿಡು ಎಂದೆ. ತೆಗೆದಿಟ್ಟ.

ಹದಿನೈದು ದಿನ ಕಳೆದು ಪತ್ರ ಬಂತು, ಸಹಿ, ಮೊಹರು ಎರಡೂ ಇದ್ದವು. ಅಷ್ಟಾದ ಮೇಲೆ 'ಖುರೂಜ್ ಅವ್ದಾ', ಅಂದರೆ ಹೋಗಿ ಬರುವ ವೀಸಾ. ಸೌದಿಯಲ್ಲಿ ಇದಿಲ್ಲದೆ ಗಡಿ ದಾಟಲಾಗದು. ಒಮ್ಮೆ ಹೋಗಿ ಬರಲು ಎರಡು ತಿಂಗಳವರೆಗೆ 200 ರಿಯಾಲ್ ಶುಲ್ಕ. ಕಾನೂನಿನ 40ನೇ ವಿಧಿ ಇದನ್ನು ಮಾಲೀಕನ ತಲೆಗೇ ಹಾಕಿದೆ. ಸಂಬಳದಿಂದ ಹಿಡಿಯುವ ಕಂಪನಿಗಳೂ ಇವೆ, ಕೇಳುವವರು ಕಡಿಮೆ. ರಜೆಯ ಟಿಕೆಟ್ ಮಾತ್ರ ಕಾನೂನಿನಲ್ಲಿ ಇಲ್ಲ. ಕೆಲಸ ಪೂರ್ತಿ ಮುಗಿದು ಊರಿಗೆ ಮರಳುವಾಗಿನ ಟಿಕೆಟ್ ಅಷ್ಟೇ ಮಾಲೀಕನದ್ದು. ನಡುವಿನ ಟಿಕೆಟ್ ಬೇಕಾದರೆ ಒಪ್ಪಂದದಲ್ಲಿ ಬರೆದಿರಬೇಕು.

ಈ ವೀಸಾದಲ್ಲಿ ನೋಡಬೇಕಾದ್ದು ಅವಧಿ ಯಾವಾಗಿನಿಂದ ಓಡುತ್ತದೆ ಎಂಬುದು. 60 ದಿನ, 90 ದಿನ ಎಂದು ತಿಂಗಳ ಲೆಕ್ಕದಲ್ಲಿ ಕೊಟ್ಟಿದ್ದರೆ ಗಡಿ ದಾಟಿದ ದಿನದಿಂದ ಎಣಿಕೆ. 'ಇಂಥ ತಾರೀಕಿನೊಳಗೆ ಮರಳಬೇಕು' ಎಂದಿದ್ದರೆ ವೀಸಾ ಕೊಟ್ಟ ದಿನದಿಂದಲೇ ಗಡಿಯಾರ ಓಡುತ್ತಿರುತ್ತದೆ. ನಮ್ಮ ಆಫೀಸಿನವನು ರಜೆ ಮೇ 19ಕ್ಕೆ ಮುಗಿಯುತ್ತದೆಂದು ಮೇ 19ರೊಳಗೆ ಮರಳಬೇಕು ಎಂದೇ ಹಾಕಿದ್ದ. ಬಜ್ಪೆಯಿಂದ ದಮ್ಮಾಮಿಗೆ ಹೊರಡುವ ವಿಮಾನ ತಡವಾಗಿ ನಡುರಾತ್ರಿ ದಾಟಿದರೆ ಕಥೆ ಮುಗಿಯಿತು. ವೀಸಾ ರದ್ದು ಮಾಡಿಸಿ 60 ದಿನಕ್ಕೆ ಹೊಸದಾಗಿ ಮಾಡಿಸಿದೆವು. ಖರ್ಚು ಅದೇ 200. ಇಕಾಮಾ ಮತ್ತು ಪಾಸ್‌ಪೋರ್ಟ್ ಎರಡೂ ವಾಪಸು ಬಂದ ಮೇಲೂ ಕೆಲವು ತಿಂಗಳು ಬಾಳುತ್ತವೆಯೇ ಎಂದು ಅಂದೇ ನೋಡಿಕೊಂಡೆವು. ಟಿಕೆಟ್ ತೆಗೆದದ್ದು ಆಮೇಲೆ.

ನಾನು ಕಂಡ ಪೆಟ್ಟುಗಳಲ್ಲಿ ಹೆಚ್ಚಿನವು ಬಿದ್ದದ್ದು ಹೀಗೆ ಕೇಳಿ ಹೋದವರಿಗಲ್ಲ. 21 ದಿನಕ್ಕೆಂದು ಹೋಗಿ, ಇಪ್ಪತ್ತನೆಯ ದಿನ ಊರಿನಿಂದ "ಸರ್, ಇನ್ನು ಹತ್ತು ದಿನ" ಎಂದು ಫೋನ್ ಮಾಡಿದವರಿಗೆ. ಫೋರ್‌ಮನ್ "ಆಯ್ತು ಆಯ್ತು" ಅನ್ನುತ್ತಾನೆ. ಹಾಜರಿ ಪುಸ್ತಕಕ್ಕೆ ಅವನ "ಆಯ್ತು" ಏರುವುದಿಲ್ಲ, ಅದರಲ್ಲಿ ಗೈರು ಎಂದೇ ಬೀಳುತ್ತದೆ. ಬರೆಯುತ್ತಿದ್ದವನೇ ನಾನು. ಕಾರಣ ತೋರಿಸದೆ ಸತತ 15 ದಿನಕ್ಕಿಂತ ಹೆಚ್ಚು ಗೈರಾದರೆ, ಹತ್ತು ದಿನ ಕಳೆದ ಮೇಲೆ ಲಿಖಿತ ಎಚ್ಚರಿಕೆ ಕೊಟ್ಟು, ಸರ್ವಿಸ್ ಹಣವನ್ನೂ ಕೊಡದೆ ಕೆಲಸದಿಂದ ತೆಗೆಯಲು 80ನೇ ವಿಧಿಯಲ್ಲಿ ಅವಕಾಶವಿದೆ. ಅಷ್ಟರೊಳಗೆ ವೀಸಾದ ಅವಧಿಯೂ ಮುಗಿದರೆ ದಾಖಲೆಯಲ್ಲಿ 'ಹೋದವನು ಮರಳಲಿಲ್ಲ' ಎಂದು ಬೀಳುತ್ತದೆ. ಹನ್ನೊಂದು ವರ್ಷ ದುಡಿದ ಬಂಟ್ವಾಳದ ಕಡೆಯ ಒಬ್ಬ ವೆಲ್ಡರ್ ಹೀಗೆಯೇ ಕಳೆದುಕೊಂಡ. ಅವನ ಅಪ್ಪನಿಗೆ ನಿಜಕ್ಕೂ ಹುಷಾರಿರಲಿಲ್ಲ. ಆಸ್ಪತ್ರೆಯ ಚೀಟಿಯನ್ನು ಕಂಪನಿಗೆ ಕಳಿಸಬೇಕೆಂದು ಯಾರೂ ಹೇಳಿರಲಿಲ್ಲ.

ಕುಂದಾಪುರದ ಹುಡುಗ ಮೇ 18ಕ್ಕೆ ಬಂದಿಳಿದ. 20ರ ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸಿನಲ್ಲಿ ಕೂತಿದ್ದ, ತಲೆಗೆ ಇನ್ನೂ ಊರಿನ ಎಣ್ಣೆ.

ರಜೆಗೆ ಹೊರಟಿರುವವರಲ್ಲಿ ಒಂದೇ ಕೋರಿಕೆ: ಸಹಿ, ಮೊಹರು ಬಿದ್ದ ಪತ್ರದ ಫೋಟೋ ತೆಗೆದು ನಿಮ್ಮ ಫೋನಿನಲ್ಲೊಂದು, ಮನೆಯಲ್ಲಿ ಹೆಂಡತಿಯ ಅಥವಾ ತಮ್ಮನ ಫೋನಿನಲ್ಲೊಂದು ಇಡಿ. ಊರಲ್ಲಿ ಇನ್ನೂ ಕೆಲವು ದಿನ ಬೇಕೆನಿಸಿದರೆ ಫೋರ್‌ಮನ್‌ಗೆ ಕರೆ ಮಾಡುವ ಬದಲು ಆಫೀಸಿಗೆ ಬರೆಯಿರಿ, ಉತ್ತರ ಬರುವವರೆಗೂ ಹಳೆಯ ತಾರೀಕಿನ ಟಿಕೆಟ್ ಬದಲಿಸಬೇಡಿ.